ನೀಲಿಯೋ ಹಸಿರೋ: ಅಕ್ಕ-ತಂಗಿ ಜಗಳವೊಂದನ್ನು ನಾನು ಕಥೆ ಮಾಡಿದ ಬಗೆ

ಕಥೆ ಇಷ್ಟೇ. ತಂಗಿ ತನ್ನ ಮಗಳಿಗೆ ಒಂದು ಫ್ರಾಕ್ ಹೊಲಿಸಬೇಕು ಅಂತಿದ್ದಾಳೆ. ಚಿಕ್ಕವರಿದ್ದಾಗ ಅಕ್ಕ ಹಾಕಿಕೊಂಡು, ಆಮೇಲೆ ತನಗೆ ಬಂದ ಫ್ರಾಕ್ ಇತ್ತಲ್ಲ, ಅದೇ ಥರದ್ದು. ಬಟ್ಟೆ ಆರಿಸಿ ಅಕ್ಕನಿಗೆ ಫೋನ್ ಮಾಡುತ್ತಾಳೆ. ‘ಅದೇ ನೀಲಿ ಸಿಕ್ತು ಅಕ್ಕಾ’ ಅನ್ನುತ್ತಾಳೆ. ‘ಯಾವ ನೀಲಿ? ಅದು ಹಸಿರು ಕಣೇ’ ಅನ್ನುತ್ತಾಳೆ ಅಕ್ಕ. ಅಲ್ಲಿಂದ ಜಗಳ ಶುರು. ಕೊನೆಯ ಪುಟ ಬಿಟ್ಟರೆ ಇಡೀ ಕಥೆ ಒಂದೇ ಫೋನ್ ಕರೆಯಲ್ಲಿ ನಡೆಯುತ್ತದೆ. ಓದಲು ಹತ್ತು ನಿಮಿಷ ಸಾಕು. ಬರೆಯಲು ಮಾತ್ರ ತುಂಬ ದಿನ ಹಿಡಿಯಿತು.

ಇಂಥ ಕಥೆಗಳು ಸಾಮಾನ್ಯವಾಗಿ ಎರಡು ಕಡೆ ಜಾರುತ್ತವೆ. ಒಂದು, ಕೊನೆಗೆ ಯಾರೋ ಒಬ್ಬರು ಸರಿ ಅಂತ ಆಗುತ್ತದೆ. ಹಳೇ ಪೆಟ್ಟಿಗೆ ತೆಗೆದಾಗ ಫ್ರಾಕ್ ಸಿಗುತ್ತದೆ, ಇನ್ನೊಬ್ಬರು ತಲೆ ತಗ್ಗಿಸುತ್ತಾರೆ. ಎರಡು, ಬಣ್ಣ ಬರೀ ನೆಪ ಆಗುತ್ತದೆ. ‘ಅಮ್ಮನಿಗೆ ನಿನ್ನ ಮೇಲೇ ಪ್ರೀತಿ ಜಾಸ್ತಿ’ ಅನ್ನುವ ಮಾತು ಬಂದು, ಬಣ್ಣದ ವಿಷಯವನ್ನು ಎಲ್ಲರೂ ಮರೆಯುತ್ತಾರೆ. ಎರಡೂ ನನಗೆ ಬೇಡವಾಗಿತ್ತು. ಜಗಳ ಕೊನೆಯವರೆಗೂ ಬಣ್ಣದ ಮೇಲೇ ಇರಬೇಕು. ಇಬ್ಬರೂ ಸುಳ್ಳು ಹೇಳುತ್ತಿರಬಾರದು. ಇಬ್ಬರಿಗೂ ಮರೆವು ಇರಬಾರದು. ಹಾಗಿದ್ದೂ ಇಬ್ಬರ ಮಾತು ಕೂಡಬಾರದು. ಇದು ಹೇಗೆ ಸಾಧ್ಯ ಅನ್ನುವುದು ಅವರಿಗೆ ಗೊತ್ತಾಗಬಾರದು, ಓದುವವರಿಗೆ ಗೊತ್ತಾಗಬೇಕು. ನಾನು ಹಾಕಿಕೊಂಡ ಲೆಕ್ಕ ಇದು.

ಹಾಗಾದರೆ ಮೊದಲು ನನಗೆ ಒಂದು ಉತ್ತರ ಬೇಕು. ಒಂದೇ ಫ್ರಾಕ್ ಒಬ್ಬಳಿಗೆ ನಿಜವಾಗಿಯೂ ಹಸಿರಾಗಿ, ಇನ್ನೊಬ್ಬಳಿಗೆ ನಿಜವಾಗಿಯೂ ನೀಲಿಯಾಗಿ ಇದ್ದದ್ದು ಹೇಗೆ?

ಸುಲಭವಾಗಿ ಕೈಗೆ ಸಿಗುವ ಉತ್ತರಗಳು ಹಲವು. ಮೊದಲನೆಯದು ಬೆಳಕು. ಹಳೇ ಬಲ್ಬಿನ ಹಳದಿ ಬೆಳಕಿನಲ್ಲಿ ನೀಲಿ ಮಂಕಾಗುತ್ತದೆ, ಹಸಿರಿನ ಕಡೆ ವಾಲಿದಂತೆ ಕಾಣುತ್ತದೆ. ಹಗಲಲ್ಲಿ ಅದೇ ಬಟ್ಟೆ ನೀಲಿ. ಆದರೆ ಒಂದೇ ಮನೆಯಲ್ಲಿ ಬೆಳೆದವರು ಒಂದು ಫ್ರಾಕನ್ನು ಹಗಲಲ್ಲೂ ನೋಡಿರುತ್ತಾರೆ, ರಾತ್ರಿಯಲ್ಲೂ ನೋಡಿರುತ್ತಾರೆ. ಬೆಳಕು ಒಂದು ಸಂಜೆಯ ಜಗಳಕ್ಕೆ ಸಾಕು, ಮೂವತ್ತು ವರ್ಷ ಉಳಿದ ನೆನಪಿನ ಜಗಳಕ್ಕೆ ಸಾಲದು. ಎರಡನೆಯದು, ಉದ್ದಕ್ಕೆ ಒಂದು ಬಣ್ಣದ ನೂಲು, ಅಡ್ಡಕ್ಕೆ ಇನ್ನೊಂದು ಬಣ್ಣದ ನೂಲು ಹಾಕಿ ನೇಯ್ದ ಬಟ್ಟೆ. ಒಂದು ಕಡೆಯಿಂದ ನೋಡಿದರೆ ನೀಲಿ, ಓರೆ ಮಾಡಿದರೆ ಹಸಿರು. ಅಂಥ ಬಟ್ಟೆಯಾದರೆ ಅದು ಹೊಳೆಯುವುದೇ ಎಲ್ಲರಿಗೂ ಮೊದಲು ನೆನಪಿರುತ್ತದೆ. ಜಗಳವೇ ಹುಟ್ಟುವುದಿಲ್ಲ. ಮೂರನೆಯದು ಕಣ್ಣು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ನೀಲಿ ಬೆಳಕು ಒಳಗೆ ಕಡಿಮೆ ಬರುತ್ತದೆ. ಆದರೆ ನನ್ನ ಅಕ್ಕ-ತಂಗಿಯರು ಆ ಫ್ರಾಕ್ ನೋಡಿದ್ದು ಚಿಕ್ಕ ವಯಸ್ಸಿನಲ್ಲಿ. ಅದೂ ಅಲ್ಲದೆ, ಒಬ್ಬಳ ಕಣ್ಣಲ್ಲಿ ದೋಷ ಇಟ್ಟರೆ ಇನ್ನೊಬ್ಬಳೇ ಸರಿ ಅಂತ ಹೇಳಿದಂತಾಯಿತು, ಅಲ್ವಾ?

2015ರಲ್ಲಿ ಒಂದು ಉಡುಪಿನ ಫೋಟೋ ಜಗತ್ತಿನಲ್ಲೆಲ್ಲ ಓಡಾಡಿತು. ಕೆಲವರಿಗೆ ನೀಲಿ-ಕಪ್ಪು, ಕೆಲವರಿಗೆ ಬಿಳಿ-ಚಿನ್ನ. ಈ ಕಥೆಯ ಮಾತೆತ್ತಿದರೆ ಸಾಕು, ಎಲ್ಲರೂ ನನಗೆ ಅದನ್ನೇ ನೆನಪಿಸುತ್ತಿದ್ದರು. ಆದರೆ ಅಲ್ಲಿ ನಡೆದದ್ದು ಬೇರೆ. ಆ ಫೋಟೋದಲ್ಲಿ ಬೆಳಕು ಎಂಥದ್ದು ಅಂತ ಒಬ್ಬೊಬ್ಬರ ಮಿದುಳು ಒಂದೊಂದು ರೀತಿ ಊಹೆ ಮಾಡಿತು. ಉಡುಪು ಮಾತ್ರ ಕೊನೆಗೂ ನೀಲಿ-ಕಪ್ಪೇ ಆಗಿತ್ತು. ಅಂದರೆ ಒಂದು ಗುಂಪು ಸರಿ, ಇನ್ನೊಂದು ತಪ್ಪು. ನನಗೆ ಬೇಕಾದದ್ದು ಊಹೆಯ ಆಟ ಅಲ್ಲ. ಬಟ್ಟೆಯೇ ಬದಲಾಗಿರಬೇಕು.

ಉತ್ತರ ಸಿಕ್ಕಿದ್ದು ಬಣ್ಣ ಹಾಕುವ ಕೆಲಸದಲ್ಲಿ. ಹಸಿರು ಬಟ್ಟೆಯನ್ನು ಬಹಳ ಸಲ ನೀಲಿ ಮತ್ತು ಹಳದಿ ಬಣ್ಣ ಸೇರಿಸಿ ಮಾಡುತ್ತಾರೆ. ಈ ಎರಡೂ ಬಣ್ಣ ಬಿಸಿಲಿಗೆ ಒಂದೇ ಸಮನಾಗಿ ತಡೆಯುವುದಿಲ್ಲ. ಹಳದಿ ಬೇಗ ಹಾರಿಹೋದರೆ ಉಳಿಯುವುದು ನೀಲಿ. ಯುರೋಪಿನ ನೂರಾರು ವರ್ಷ ಹಳೆಯ ನೇಯ್ದ ಗೋಡೆ ಚಿತ್ರಗಳಲ್ಲಿ ಮರದ ಎಲೆಗಳು ಇವತ್ತು ನೀಲಿಯಾಗಿ ಕಾಣುವುದು ಇದೇ ಕಾರಣಕ್ಕೆ. ನೇಯ್ದಾಗ ಅವು ಹಸಿರೇ ಇದ್ದವು. ಗಿಡದಿಂದ ತೆಗೆದ ಹಳದಿ ಬಣ್ಣ ಬೆಳಕಿಗೆ ಹಾರಿಹೋಯಿತು, ನೀಲಿ ಉಳಿಯಿತು.

ಇದು ಎಲ್ಲ ಹಸಿರಿಗೂ ಆಗುವುದಿಲ್ಲ. ನೀಲಿಯೇ ಮೊದಲು ಹೋಗುವ ಬಟ್ಟೆಯೂ ಇದೆ. ಆಗ ಹಸಿರು ಹಳದಿಯ ಕಡೆ ತಿರುಗುತ್ತದೆ. ಬರೀ ಪೇಲವವಾಗುವ ಹಸಿರೂ ಇದೆ. ಬಟ್ಟೆ ಉದ್ಯಮದವರು ಇದನ್ನು ಅಳೆಯಲು ನೀಲಿ ಉಣ್ಣೆಯ ಎಂಟು ಪಟ್ಟಿಗಳನ್ನು ಇಟ್ಟುಕೊಂಡಿರುತ್ತಾರೆ. 1ನೇ ಪಟ್ಟಿ ಬೇಗ ಮಾಸುತ್ತದೆ, 8ನೆಯದು ಬಹಳ ಕಾಲ ತಡೆಯುತ್ತದೆ. ಪರೀಕ್ಷೆ ಮಾಡಬೇಕಾದ ಬಟ್ಟೆಯನ್ನು ಇವುಗಳ ಜೊತೆ ಬೆಳಕಿಗಿಟ್ಟು, ಯಾವ ಪಟ್ಟಿಗೆ ಸಮನಾಗಿ ಮಾಸಿತು ಅಂತ ನೋಡುತ್ತಾರೆ. ನಾನು ಮನೆಯಲ್ಲಿ ಅಷ್ಟೆಲ್ಲ ಮಾಡಲಿಲ್ಲ. ಬೇರೆ ಬೇರೆ ಹಸಿರು ಹತ್ತಿ ಬಟ್ಟೆಯ ತುಂಡುಗಳನ್ನು ತೆಗೆದುಕೊಂಡೆ. ಪ್ರತಿಯೊಂದರ ಅರ್ಧಭಾಗವನ್ನು ದಪ್ಪ ರಟ್ಟಿನಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿದೆ. ಕೆಲವು ವಾರ ಕಳೆದು ರಟ್ಟು ತೆಗೆದಾಗ ಒಂದು ತುಂಡು ಎರಡು ಬಟ್ಟೆ ಜೋಡಿಸಿ ಹೊಲಿದ ಹಾಗೆ ಕಾಣುತ್ತಿತ್ತು. ರಟ್ಟಿನ ಕೆಳಗಿದ್ದ ಭಾಗ ಎಲೆ ಹಸಿರು, ಬಿಸಿಲು ತಿಂದ ಭಾಗ ಮಂಕು ನೀಲಿ. ನಡುವೆ ಚಾಕುವಿನಲ್ಲಿ ಕೊಯ್ದಂಥ ನೇರ ಗೆರೆ. ಆ ತುಂಡು ಈಗಲೂ ನನ್ನ ನೋಟ್‌ಬುಕ್ಕಿನಲ್ಲಿದೆ.

ಇಷ್ಟು ಗೊತ್ತಾದ ಕೂಡಲೇ ಯಾರು ಯಾವ ಬಣ್ಣ ಹೇಳಬೇಕು ಅನ್ನುವುದು ತಾನಾಗಿ ತೀರ್ಮಾನವಾಯಿತು. ಹೊಸದಾಗಿ ಹಾಕಿಕೊಂಡವಳು ಅಕ್ಕ, ಆದ್ದರಿಂದ ಅವಳದು ಹಸಿರು. ಮಾಸಿದ ಮೇಲೆ ಹಾಕಿಕೊಂಡವಳು ತಂಗಿ, ಅವಳದು ನೀಲಿ. ಅಕ್ಕ ಹಾಕುತ್ತಿದ್ದ ಕಾಲದಲ್ಲೇ ಬಣ್ಣ ಇಳಿಯಲು ಶುರುವಾಗಿರುತ್ತದೆ, ನಿಜ. ಆದರೆ ದಿನಾ ಕಣ್ಣೆದುರು ಇರುವ ಬಟ್ಟೆ ನಿಧಾನಕ್ಕೆ ಮಾಸಿದರೆ ಯಾರಿಗೂ ತಿಳಿಯುವುದಿಲ್ಲ. ಅವಳಿಗೆ ನೆನಪಿರುವುದು ಬಟ್ಟೆ ತಂದ ದಿನ. ಆ ದಿನ ತಂಗಿ ಮಾತು ಬಾರದ ಮಗು.

ಆದರೆ ಹೊಸ ತೊಂದರೆ ಎದ್ದಿತು. ಈ ವಿಷಯವನ್ನು ಕಥೆಯೊಳಗೆ ಹೇಳುವವರು ಯಾರು? ದರ್ಜಿಯನ್ನೋ, ವಿಜ್ಞಾನ ಓದಿದ ಸೋದರಮಾವನನ್ನೋ ಕರೆತಂದು ‘ಹಳದಿ ಮೊದಲು ಹೋಗುತ್ತಮ್ಮಾ’ ಅಂತ ಹೇಳಿಸಿದರೆ ಕಥೆ ಅಲ್ಲೇ ಸತ್ತಿತು. ಜಗಳ ಇತ್ಯರ್ಥವಾದ ಕೂಡಲೇ ಅಕ್ಕ-ತಂಗಿ ಇಬ್ಬರೂ ಸಪ್ಪೆಯಾಗುತ್ತಾರೆ. ಅವರಿಗೆ ತಿಳಿಯದ ಹಾಗೆ, ಅವರ ಬಾಯಿಂದಲೇ ಸಾಕ್ಷಿ ಬರಬೇಕು. ಅದಕ್ಕೆ ಒಂದು ವಸ್ತು ಬೇಕು.

ಹೊಲಿಗೆ ಬಲ್ಲ ಗೆಳತಿಯೊಬ್ಬಳನ್ನು ಕೇಳಿದೆ: ‘ಹಳೇ ಫ್ರಾಕಿನಲ್ಲಿ ಮೊದಲಿನ ಬಣ್ಣ ಎಲ್ಲಿ ಉಳಿದಿರುತ್ತೆ?’ ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. ‘ಮಡಿಕೆಯಲ್ಲಿ’ ಅಂದಳು. ಬೆಳೆಯುವ ಮಕ್ಕಳ ಫ್ರಾಕ್ ಹೊಲಿಯುವಾಗ ಕೆಳಗೆ ಒಂದಿಷ್ಟು ಬಟ್ಟೆ ಜಾಸ್ತಿ ಬಿಟ್ಟು ಒಳಗೆ ಮಡಚಿ ಹೊಲಿದಿರುತ್ತಾರೆ. ಮಗು ಎತ್ತರವಾದಾಗ ಆ ಹೊಲಿಗೆ ಬಿಚ್ಚಿ ಉದ್ದ ಮಾಡುತ್ತಾರೆ. ಒಳಗೆ ಮಡಚಿಕೊಂಡಿದ್ದ ಬಟ್ಟೆಗೆ ಬಿಸಿಲು ಮುಟ್ಟಿರುವುದಿಲ್ಲ. ಬಿಚ್ಚಿದಾಗ ಕೆಳಗೆ ಹೊಸ ಬಣ್ಣದ ಪಟ್ಟಿಯೊಂದು ಕಾಣುತ್ತದೆ.

ಅವಳು ಇನ್ನೂ ಎರಡು ವಿಷಯ ಹೇಳಿದಳು. ಅವಿಲ್ಲದಿದ್ದರೆ ಕಥೆ ಹೊಲಿಗೆ ಬಲ್ಲವರ ಮುಂದೆ ನಿಲ್ಲುತ್ತಿರಲಿಲ್ಲ. ಒಂದು, ಮಡಿಕೆಯ ಏಣು ಉಜ್ಜಿ ಉಜ್ಜಿ ಸವೆದಿರುತ್ತದೆ. ಬಿಚ್ಚಿದ ಮೇಲೆ ಹಳೇ ಬಣ್ಣಕ್ಕೂ ಹೊಸ ಬಣ್ಣಕ್ಕೂ ನಡುವೆ ಬೆಳ್ಳಗಿನ ಒಂದು ಗೆರೆ ಉಳಿಯುತ್ತದೆ. ಎಷ್ಟು ಇಸ್ತ್ರಿ ಮಾಡಿದರೂ ಹೋಗುವುದಿಲ್ಲ. ಎರಡು, ಪಟ್ಟಿಯ ಅಗಲ. ಎರಡು ಬೆರಳಗಲ ಪಟ್ಟಿ ಕಾಣಬೇಕಾದರೆ ಒಳಗೆ ಮೂರು ಬೆರಳಷ್ಟು ಬಟ್ಟೆ ಇರಬೇಕು, ಯಾಕೆಂದರೆ ಬಿಚ್ಚಿದ ಮೇಲೂ ಅಂಚಿಗೆ ಮತ್ತೆ ಒಂದು ಬೆರಳು ಮಡಚಿ ಹೊಲಿಯಬೇಕು. ಜೊತೆಗೆ ಒಂದು ಎಚ್ಚರಿಕೆ ಕೊಟ್ಟಳು: ‘ಆ ಅಮ್ಮ ಬಟ್ಟೆ ಮಗುಚಿ ಒಣಗಿಸೋಳಾದ್ರೆ ನಿನ್ನ ಲೆಕ್ಕ ಕೆಟ್ಟಿತು.’ ನಿಜ. ಮಗುಚಿ ಒಣಹಾಕಿದರೆ ಹೊರಗಿನ ಬಣ್ಣಕ್ಕೆ ಅಷ್ಟು ಬಿಸಿಲು ತಾಗುವುದಿಲ್ಲ, ಮಡಿಕೆಯೇ ಬಿಸಿಲಿಗೆ ಸಿಗುತ್ತದೆ. ಅದಕ್ಕೇ ಕಥೆಯ ಶುರುವಿನಲ್ಲೇ, ಯಾವುದೋ ಬೇರೆ ಮಾತಿನ ನಡುವೆ, ಅಕ್ಕನಿಂದ ಹೇಳಿಸಿದೆ: ‘ಅಮ್ಮ ಯಾವತ್ತೂ ಬಟ್ಟೆ ಮಗುಚಿ ಒಣಗಿಸಿದವಳಲ್ಲ, ನೀನೂ ಹಾಗೇ.’ ಅಲ್ಲಿ ಅದು ಬರೀ ಚುಚ್ಚುಮಾತು. ಅದರ ಕೆಲಸ ಆಮೇಲೆ ತಿಳಿಯುತ್ತದೆ.

ಮಡಿಕೆ ಅಕ್ಕನ ಕಾಲದಲ್ಲಿ ಯಾಕೆ ಬಿಚ್ಚಲಿಲ್ಲ ಅನ್ನುವುದಕ್ಕೂ ಕಾರಣ ಬೇಕಿತ್ತು. ಅಕ್ಕನಿಗೆ ಫ್ರಾಕ್ ಚಿಕ್ಕದಾದದ್ದು ಉದ್ದದಲ್ಲಿ ಅಲ್ಲ, ಭುಜದಲ್ಲಿ. ತಂಗಿ ತೆಳ್ಳಗೆ ಉದ್ದಕ್ಕೆ ಬೆಳೆದವಳು. ಅವಳಿಗಾಗಿ ಬಿಚ್ಚುವ ಹೊತ್ತಿಗೆ ಅಕ್ಕ ಹಾಸ್ಟೆಲ್ ಸೇರಿದ್ದಳು. ಹಾಗಾಗಿ ಆ ಪಟ್ಟಿಯನ್ನು ಅಕ್ಕ ನೋಡಲೇ ಇಲ್ಲ.

ಈಗ ಓದುವವರು ಕೇಳಬಹುದಾದ ಒಂದು ಪ್ರಶ್ನೆಯನ್ನು ಮೊದಲೇ ಮುಚ್ಚಬೇಕಿತ್ತು. ‘ಇವರು ಎರಡು ಬೇರೆ ಫ್ರಾಕಿನ ಬಗ್ಗೆ ಮಾತಾಡ್ತಿದ್ದಾರೆ, ಅಷ್ಟೇ’ ಅಂತ ಅನಿಸಿಬಿಟ್ಟರೆ ಎಲ್ಲ ಮುಗಿಯಿತು. ಅದಕ್ಕೆ ಇಬ್ಬರೂ ಒಪ್ಪುವ ಗುರುತು ಒಂದು ಬೇಕು, ಅದು ಬೇರೆ ಯಾವ ಫ್ರಾಕಿಗೂ ಇರಬಾರದು. ನಾನು ಗುಂಡಿ ಆರಿಸಿದೆ.

‘ಬೆನ್ನ ಹಿಂದೆ ಮೂರು ಗುಂಡಿ. ನಡುವಿನದು ಬೇರೆ.’

‘ಹೂಂ. ಅಪ್ಪನ ಶರ್ಟಿನದು.’

‘ಅದೆಲ್ಲ ನೆನಪಿದೆ. ಬಣ್ಣ ಮಾತ್ರ ಮರೆತಿದ್ದೀಯ.’

‘ಮರೆತಿರೋದು ನಾನಲ್ಲ ಅಕ್ಕಾ.’

ಇದು ಬಂದ ಮೇಲೆ ಫ್ರಾಕ್ ಒಂದೇ ಅನ್ನುವುದರಲ್ಲಿ ಯಾರಿಗೂ ಅನುಮಾನ ಉಳಿಯುವುದಿಲ್ಲ. ಆಮೇಲೆ ಪಟ್ಟಿಯ ಮಾತು ತರಬಹುದು.

‘ಕೆಳಗೆ ಹಸಿರು ಬಾರ್ಡರ್ ಇತ್ತು. ಅದೊಂದೇ ನೆನಪಿಟ್ಟುಕೊಂಡು ನೀನು...’

‘ಬಾರ್ಡರಾ? ಅದಕ್ಕೆಲ್ಲಿತ್ತು ಬಾರ್ಡರು? ಪ್ಲೇನ್ ಬಟ್ಟೆ ಅದು. ನಾನೇ ಅಮ್ಮನ ಜೊತೆ ಹೋಗಿ ತಂದಿದ್ದು.’

‘ಎರಡು ಬೆರಳಗಲ ಇತ್ತು. ಅದರ ಮೇಲೆ ಒಂದು ಬಿಳೀ ಗೆರೆ. ಪರೀಕ್ಷೆಗೆ ಕೂತಾಗ ಆ ಗೆರೆ ಕೆರೀತಾ ಇರ್ತಿದ್ದೆ ನಾನು.’

‘ಬೇರೆ ಯಾವುದೋ ಇರಬೇಕು ಬಿಡು.’

‘ಅಪ್ಪನ ಗುಂಡಿ ಇದ್ದಿದ್ದು ಎಷ್ಟು ಫ್ರಾಕಿಗೆ?’

ಕಥೆಯ ಬೀಗ, ಬೀಗದ ಕೈ ಎರಡೂ ಈ ಐದು ಮಾತಿನಲ್ಲಿವೆ. ಇಲ್ಲಿ ತಂಗಿ ‘ಬಾರ್ಡರ್’ ಅನ್ನುತ್ತಾಳೆ, ‘ಮಡಿಕೆ ಬಿಚ್ಚಿದ್ದು’ ಅನ್ನುವುದಿಲ್ಲ. ಅವಳಿಗೆ ಅದು ಮಡಿಕೆ ಅಂತ ಗೊತ್ತೇ ಇಲ್ಲ. ಅವಳು ಹಾಕಿಕೊಂಡ ಫ್ರಾಕ್ ಹಾಗೇ ಇತ್ತು, ಅಷ್ಟೇ. ಅಕ್ಕನಿಗೆ ಬಾರ್ಡರ್ ಇಲ್ಲವೆಂದು ಖಚಿತವಾಗಿ ಗೊತ್ತು, ಯಾಕೆಂದರೆ ಬಟ್ಟೆ ತಂದವಳು ಅವಳು. ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದಾರೆ.

ನನಗೆ ಅತಿ ಹೆಚ್ಚು ಕೆಲಸ ಕೊಟ್ಟದ್ದು ನಿರೂಪಣೆ. ಕಥೆ ಹೇಳುವ ದನಿ ಒಂದೇ ಒಂದು ಸಲ ‘ಆ ನೀಲಿ ಫ್ರಾಕ್’ ಅಂದರೆ ಸಾಕು, ಓದುವವರು ಅದನ್ನೇ ಸತ್ಯ ಅಂತ ತಗೊಳ್ಳುತ್ತಾರೆ. ಪಾತ್ರ ಹೇಳಿದ್ದನ್ನು ಅನುಮಾನಿಸುತ್ತಾರೆ, ನಿರೂಪಕ ಹೇಳಿದ್ದನ್ನು ಅನುಮಾನಿಸುವುದಿಲ್ಲ. ಹಾಗಾಗಿ ನನಗೆ ನಾನೇ ಒಂದು ಕಟ್ಟು ಹಾಕಿಕೊಂಡೆ. ನೀಲಿ, ಹಸಿರು ಎರಡೂ ಮಾತು ಉದ್ಧರಣೆ ಚಿಹ್ನೆಯ ಒಳಗೆ ಮಾತ್ರ ಬರಬೇಕು. ಹೊರಗೆ ಒಂದು ಸಲವೂ ಬರಬಾರದು. ಫ್ರಾಕಿಗೆ ಮಾತ್ರವಲ್ಲ, ಕಥೆಯಲ್ಲಿ ಯಾವ ವಸ್ತುವಿಗೂ. ತಂಗಿಯ ಮನೆಯ ಕಿಟಕಿಯಾಚೆ ಮರ ಇದೆ, ಆದರೆ ಅದರ ಎಲೆಯ ಬಣ್ಣ ಇಲ್ಲ. ಆಕಾಶ ಬಿಸಿಲಾಗಿದೆ, ಅಷ್ಟೇ.

ಹಾಗೆ ಮಾಡಿದಾಗ ಫ್ರಾಕ್ ಕಣ್ಣಿಗೆ ಕಾಣದೆ ಹೋಗುವ ಅಪಾಯ ಇತ್ತು. ಬಣ್ಣದ ಜಾಗವನ್ನು ಮುಟ್ಟಿದರೆ ತಿಳಿಯುವ ವಿವರಗಳಿಂದ ತುಂಬಿದೆ. ಕತ್ತಿನ ಪಟ್ಟಿ ಚುಚ್ಚುತ್ತಿತ್ತು. ಅಪ್ಪನ ಗುಂಡಿ ದೊಡ್ಡದು, ಕಾಜಾದೊಳಗೆ ಹೋಗಲು ಒದ್ದಾಡುತ್ತಿತ್ತು. ಕೈ ಹಿಂದೆ ತಿರುಗಿಸಿ ಅದನ್ನು ಹಾಕಲು ಬರುತ್ತಿರಲಿಲ್ಲ, ಯಾರಾದರೂ ಹಾಕಿಕೊಡಬೇಕಿತ್ತು. ಅಕ್ಕನಿಗೆ ಅಮ್ಮ ಹಾಕುತ್ತಿದ್ದರು. ತಂಗಿಗೆ ರಜೆಗೆ ಬಂದಾಗ ಅಕ್ಕ ಹಾಕುತ್ತಿದ್ದಳು ಅಂತ ಬರೆಯಲು ಕೈ ಹೋಯಿತು. ತಡೆದೆ. ಹಾಕಿದ್ದರೆ ಅಕ್ಕ ಆ ಪಟ್ಟಿ ನೋಡಿಬಿಡುತ್ತಿದ್ದಳು. ತಂಗಿಗೂ ಅಮ್ಮನೇ ಹಾಕಲಿ ಅಂತ ಬಿಟ್ಟೆ.

ಸಂಭಾಷಣೆಯಲ್ಲಿ ಒಂದು ವಿಷಯ ಬೇಗ ಕಂಡಿತು. ‘ನೀಲಿ’, ‘ಅಲ್ಲ ಹಸಿರು’ ಅಂತ ನಾಲ್ಕು ಸಲ ತಿರುಗಿದರೆ ಓದುವವರು ಕಣ್ಣು ಹಾಯಿಸಿ ಮುಂದೆ ಹೋಗುತ್ತಾರೆ. ಅಕ್ಕ-ತಂಗಿಯರು ಜಗಳ ಆಡುವಾಗ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾರೆ, ನಿಜ. ಆದರೆ ಪ್ರತಿ ಸಲ ಹೊಸ ಸಾಕ್ಷಿ ಎಳೆದು ತರುತ್ತಾರೆ. ಹಾಗಾಗಿ ಬಣ್ಣದ ಹೆಸರನ್ನು ಶುರುವಿನಲ್ಲಿ ಹೇಳಿಸಿ, ಆಮೇಲೆ ಬಹುಪಾಲು ‘ಅದು’ ಅಂತಲೇ ಬಿಟ್ಟೆ. ಪ್ರತಿ ಉತ್ತರದಲ್ಲಿ ಒಂದು ಹೊಸ ವಿವರ ಇರಲೇಬೇಕು: ಎಲ್ಲಿ ಹಾಕಿಕೊಂಡಿದ್ದು, ಯಾರು ನೋಡಿದ್ದು, ಏನು ಚೆಲ್ಲಿಕೊಂಡಿದ್ದು. ಹೊಸ ವಿವರ ಇಲ್ಲದ ಸಾಲನ್ನು ಅಳಿಸಿದೆ. ಹಾಗೆ ಅಳಿಸಿದಾಗ ಜಗಳ ಸಣ್ಣದಾಗಲಿಲ್ಲ, ಬಿಸಿ ಏರಿತು.

ರಾಜಿಯ ಮಾತನ್ನೂ ದೂರ ಇಟ್ಟೆ. ‘ನವಿಲಿನ ಕೊರಳಿನ ಬಣ್ಣ’ ಅಂತ ಯಾರಾದರೂ ಅಂದುಬಿಟ್ಟರೆ ಇಬ್ಬರೂ ಒಪ್ಪಿಕೊಂಡು ಫೋನ್ ಇಡುತ್ತಾರೆ. ಆದ್ದರಿಂದ ಅಕ್ಕ ಹೋಲಿಕೆ ಕೊಡುವಾಗ ಎಳೇ ಎಲೆ, ತಂಗಿ ಕೊಡುವಾಗ ಒಗೆದು ಮಾಸಿದ ಶಾಲಾ ಸಮವಸ್ತ್ರ. ಇವೆರಡರ ನಡುವೆ ಸೇತುವೆ ಇಲ್ಲ. ತಂಗಿಯ ಹೋಲಿಕೆಯಲ್ಲಿ ‘ಒಗೆದು ಮಾಸಿದ’ ಅನ್ನುವುದು ಸುಮ್ನೆ ಬಂದದ್ದಲ್ಲ, ಇಟ್ಟದ್ದು.

ಫ್ರಾಕ್ ಈಗ ಇರಬಾರದು. ಇದ್ದರೆ ತೆಗೆದು ನೋಡಿದರಾಯಿತು. ಅದು ಒರೆಸುವ ಬಟ್ಟೆಯಾಗಿ, ಆಮೇಲೆ ಚಿಂದಿಯಾಗಿ ಹೋಯಿತು ಅಂತ ಒಂದು ಸಾಲಿನಲ್ಲಿ ಮುಗಿಸಿದೆ. ಫೋಟೋ ಮಾತ್ರ ಒಂದು ಇಟ್ಟೆ. ಅಕ್ಕ ಮಾತಾಡುತ್ತಲೇ ಆಲ್ಬಮ್ ತೆಗೆದು ನೋಡುತ್ತಾಳೆ. ಹಳೇ ಬಣ್ಣದ ಫೋಟೋಗಳು ಆಲ್ಬಮ್ಮಿನ ಕತ್ತಲಲ್ಲಿದ್ದರೂ ಕೆಡುತ್ತವೆ. ಆ ಕಾಲದ ಬಹಳಷ್ಟು ಪ್ರಿಂಟ್‌ಗಳಲ್ಲಿ ಮೊದಲು ಹೋಗುವುದು ನೀಲಿ-ಹಸಿರು ಛಾಯೆ ಕೊಡುವ ಬಣ್ಣವೇ, ಹಾಗಾಗಿ ಚಿತ್ರವೆಲ್ಲ ಕೆಂಪಿಗೆ ತಿರುಗುತ್ತದೆ. ಅಕ್ಕನ ಕೈಯಲ್ಲಿರುವ ಫೋಟೋದಲ್ಲಿ ಫ್ರಾಕ್ ಕಂದು ಬಣ್ಣದ್ದು. ‘ಏನು ಕಾಣ್ತಿದೆ?’ ಅಂತ ತಂಗಿ ಕೇಳುತ್ತಾಳೆ. ‘ನಿನ್ನ ಮೂಗು ಕಾಣ್ತಿದೆ, ಸೋರ್ತಾ ಇದೆ’ ಅನ್ನುತ್ತಾಳೆ ಅಕ್ಕ. ಕಥೆಯಲ್ಲಿ ಇಬ್ಬರೂ ನಗುವುದು ಅದೊಂದೇ ಸಲ. ಆ ನಗು ಬಂದದ್ದರಿಂದ ಮುಂದಿನ ಸುತ್ತು ಇನ್ನೂ ಜೋರಾಗಲು ಜಾಗ ಸಿಕ್ಕಿತು.

ಬರೆದು ಮುಗಿಸಿದ ಮೇಲೆ ಇಬ್ಬರಿಗೆ ಓದಲು ಕೊಟ್ಟೆ. ಒಬ್ಬರು ಹೊಲಿಗೆ ಬಲ್ಲವರು, ಒಬ್ಬರು ಸೂಜಿ ಮುಟ್ಟದವರು. ಹೊಲಿಗೆ ಬಲ್ಲವರು ‘ಬಿಳೀ ಗೆರೆ’ ಅನ್ನುವಲ್ಲೇ ನಿಂತು, ‘ಓ, ಮಡಿಕೆ ಬಿಚ್ಚಿದ್ದಾರೆ’ ಅಂದರು. ಇನ್ನೊಬ್ಬರು ಕೊನೆಯವರೆಗೂ ಓದಿ, ಜಗಳ ಚೆನ್ನಾಗಿದೆ, ಆದರೆ ಬಾರ್ಡರ್ ವಿಷಯದಲ್ಲಿ ತಂಗಿ ಸುಳ್ಳು ಹೇಳ್ತಿದ್ದಾಳೆ ಅಂದರು. ಅದು ನನಗೆ ಸಹಿಸಲಾಗಲಿಲ್ಲ. ಗುಟ್ಟು ತಿಳಿಯದಿದ್ದರೂ ಪರವಾಗಿಲ್ಲ, ಅವಳು ಸುಳ್ಳುಗಾರ್ತಿ ಅನಿಸಬಾರದು.

ವಿವರಿಸುವ ಸಾಲು ಸೇರಿಸಲಿಲ್ಲ. ಕೊನೆಯ ಪುಟವನ್ನು ಬದಲಿಸಿದೆ. ಫೋನ್ ಇಟ್ಟ ಮೇಲೆ ತಂಗಿ ದರ್ಜಿಯ ಹತ್ತಿರ ಹೋಗುತ್ತಾಳೆ. ಮಗಳ ಅಳತೆ ತೆಗೆದ ದರ್ಜಿ, ‘ಬೆಳೆಯೋ ಮಗು, ಕೆಳಗೆ ಮೂರು ಬೆರಳು ಒಳಗೆ ಬಿಡ್ತೀನಿ, ಬೇಕಾದಾಗ ಬಿಚ್ಚಿಕೊಳ್ಳಿ’ ಅನ್ನುತ್ತಾಳೆ. ತಂಗಿ ‘ಹೂಂ, ಬಿಡಿ’ ಅನ್ನುತ್ತಾಳೆ. ಅವಳಿಗೆ ಏನೂ ಹೊಳೆಯುವುದಿಲ್ಲ, ಅವಳ ಗಮನ ಬಣ್ಣದ ಮೇಲಿದೆ. ‘ಮೇಡಂ, ಈ ನೀಲಿಗೆ ಯಾವ ಬಾರ್ಡರ್ ಹಾಕಲಿ?’ ಅಂತ ದರ್ಜಿ ಕೇಳಿದಾಗ ಅವಳು, ‘ಹಸಿರು, ಎರಡು ಬೆರಳು’ ಅನ್ನುತ್ತಾಳೆ.

ಸೂಜಿ ಮುಟ್ಟದವರಿಗೆ ಮತ್ತೆ ಕೊಟ್ಟೆ. ಅವರು ಕೊನೆಯ ಪುಟ ಓದಿ, ಹಿಂದಕ್ಕೆ ತಿರುಗಿಸಿ, ‘ಅಮ್ಮ ಯಾವತ್ತೂ ಬಟ್ಟೆ ಮಗುಚಿ ಒಣಗಿಸಿದವಳಲ್ಲ’ ಅನ್ನುವ ಸಾಲಿಗೆ ಬೆರಳಿಟ್ಟರು. ಆಮೇಲೆ ನಾನು ಕಥೆಯಲ್ಲಿ ಒಂದಕ್ಷರವನ್ನೂ ಮುಟ್ಟಲಿಲ್ಲ.